ದುಡ್ಡು ಕೊಟ್ಟವರಿಗೇ ಅರ್ಧರಾತ್ರಿ ಬಾಕಿ ಮೆಸೇಜ್: ತಪ್ಪು ಹುಡುಕುವುದು ಎಲ್ಲಿಂದ?

2025ರ ಆಗಸ್ಟ್ 12, ಬೆಳಿಗ್ಗೆ ಏಳು ಗಂಟೆ. ನಾನು ಸಾಫ್ಟ್‌ವೇರ್ ನೋಡಿಕೊಳ್ಳುವ ಕಾಫಿಪುಡಿ ಅಂಗಡಿಯ ಯಜಮಾನರು ಫೋನ್ ಮಾಡಿದರು. ಅವರಿಂದ ಪುಡಿ ತರಿಸುವ ಒಬ್ಬ ಹೋಟೆಲಿನವರು ಆಗಷ್ಟೇ ಅವರನ್ನು ತರಾಟೆಗೆ ತೆಗೆದುಕೊಂಡಿದ್ದರು. "ಏನ್ ಸ್ವಾಮಿ, ಶನಿವಾರನೇ ದುಡ್ಡು ಹಾಕಿದ್ದೀನಿ. ಮೆಸೇಜ್ ಬೇಡ ಅಂತ ಬಟನ್ ಕೂಡ ಒತ್ತಿದ್ದೆ. ಆದ್ರೂ ರಾತ್ರಿ ಹನ್ನೊಂದೂವರೆಗೆ ಬಾಕಿ ಕೇಳ್ತೀರಲ್ಲ?"

ಒಂದೇ ಮೆಸೇಜಿನಲ್ಲಿ ಮೂರು ತಪ್ಪು. ಹೊತ್ತು ತಪ್ಪು, ಬಾಕಿ ತಪ್ಪು, ಬೇಡ ಅಂದವರಿಗೆ ಕಳಿಸಿದ್ದು ತಪ್ಪು. ಇಂಥ ದೂರು ಬಂದಾಗ ಮೂರನ್ನೂ ಬೇರೆ ಬೇರೆ ಬಗ್‌ಗಳು ಅಂತ ಹುಡುಕಲು ಹೊರಡಬೇಡಿ. ನಮ್ಮಲ್ಲಿ ಒಂದೊಂದರ ಕಾರಣ ಬೇರೆ ಇದ್ದರೂ ಮೂರೂ ನುಸುಳಿದ್ದು ಒಂದೇ ಸಂದಿಯಿಂದ. ಮೆಸೇಜ್ ಕಳಿಸಬೇಕು ಅಂತ ತೀರ್ಮಾನ ಆದದ್ದು ಒಂದು ದಿನ, ಕಳಿಸಿದ್ದು ಇನ್ನೊಂದು ದಿನ. ನಡುವೆ ಏನೇನು ಬದಲಾಯಿತು ಅಂತ ಕಳಿಸುವ ಕ್ಷಣದಲ್ಲಿ ಯಾರೂ ಸರಿಯಾಗಿ ನೋಡಿರಲಿಲ್ಲ. ಅದನ್ನು ಕಂಡುಹಿಡಿದ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಮೆಸೇಜ್ ಹಿಡಿಯಿರಿ

"ಎಲ್ಲರಿಗೂ ರಾತ್ರಿ ಹೋಗ್ತಿದೆಯಂತೆ" ಅನ್ನುವ ಮಾತಿನಿಂದ ಏನೂ ಸಿಗುವುದಿಲ್ಲ. ದೂರು ಕೊಟ್ಟವರಿಂದ ಒಂದು ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ಮೆಸೇಜಿನ ಮೂಲೆಯಲ್ಲಿ ಹೊತ್ತು ಇರುತ್ತದೆ, ಒಳಗೆ ಆರ್ಡರ್ ನಂಬರ್ ಇರುತ್ತದೆ. ಆ ನಂಬರ್ ಹಿಡಿದು ಲಾಗ್ ತೆಗೆಯಿರಿ. ನಮಗೆ ಸಿಕ್ಕಿದ್ದು ಇದು:

```
order=1137 tmpl=due_2 amount=12400
created=2025-08-04T05:12:40Z
run=2025-08-11T18:00:09Z  status=sent
fallback=sms run=2025-08-11T18:30:12Z
```

ಇದೇ ಆರ್ಡರನ್ನು ಡೇಟಾಬೇಸಿನಲ್ಲಿ ನೋಡಿದಾಗ `paid_at` ಅನ್ನುವಲ್ಲಿ ಆಗಸ್ಟ್ 9 ಅಂತ ಇತ್ತು. ಅಂದರೆ ಹೋಟೆಲಿನವರ ಮಾತು ನಿಜ. ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಮಾರನೇ ದಿನವೇ ಅವರು ಅಂಗಡಿಯ ಕ್ಯೂಆರ್‌ಗೆ 12,400 ರೂಪಾಯಿ ಹಾಕಿದ್ದರು. ಅಂಗಡಿಯ ಹುಡುಗ ಅಂದೇ ಸಂಜೆ ಅದನ್ನು ಸಿಸ್ಟಮ್ಮಿಗೆ ಏರಿಸಿದ್ದ. ಸಿಸ್ಟಮ್ಮಿಗೆ ವಿಷಯ ಗೊತ್ತಿತ್ತು, ಮೆಸೇಜ್ ಕಳಿಸುವ ಭಾಗಕ್ಕೆ ಗೊತ್ತಿರಲಿಲ್ಲ.

ಆ ನಾಲ್ಕು ಸಾಲನ್ನು ನಿಧಾನವಾಗಿ ಓದಿ. `created` ಅಂದರೆ ಈ ಕೆಲಸವನ್ನು ಸಾಲಿಗೆ ಹಾಕಿದ ಹೊತ್ತು. ಅದು ಆರ್ಡರ್ ಬಂದ ದಿನ, ಆಗಸ್ಟ್ 4. `run` ಅಂದರೆ ಕಳಿಸಿದ ಹೊತ್ತು, ಆಗಸ್ಟ್ 11. ನಡುವೆ ಏಳು ದಿನ. ಬಾಕಿಯ ಮೊತ್ತ ಕೂಡ ಮೊದಲ ದಿನವೇ ಬರೆದಿಟ್ಟದ್ದು. ಸಾಲಿನ ಕೊನೆಯ `Z` ನೋಡಿದಿರಾ? ಅದು ಯುಟಿಸಿ ಸಮಯದ ಗುರುತು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ.

ಹೊತ್ತು ತಪ್ಪಿದ್ದು ಹೇಗೆ

ಯಾವ ಕೆಲಸ ಯಾವ ಹೊತ್ತಿಗೆ ಓಡಬೇಕು ಅಂತ ಸರ್ವರಿನಲ್ಲಿ ನೋಡಿಕೊಳ್ಳುವುದು ಕ್ರಾನ್. ಅಲ್ಲಿ `crontab -l` ಕೊಟ್ಟಾಗ ಸಿಕ್ಕ ಸಾಲು:

```
0 18 * * *  /srv/shop/remind.sh
```

ಬರೆದವರ ಮನಸ್ಸಿನಲ್ಲಿದ್ದದ್ದು ಸಂಜೆ ಆರು. ಸರ್ವರ್ ನಡೆಯುತ್ತಿದ್ದದ್ದು ಯುಟಿಸಿಯಲ್ಲಿ. ಅಲ್ಲಿ 18:00 ಅಂದರೆ ನಮಗೆ ರಾತ್ರಿ 11:30. ಬಾಡಿಗೆಗೆ ತೆಗೆದುಕೊಳ್ಳುವ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿಯಲ್ಲೇ ಬರುತ್ತವೆ. ಬರೆದವರ ಸ್ವಂತ ಲ್ಯಾಪ್‌ಟಾಪ್ ಭಾರತದ ಸಮಯದಲ್ಲಿ ಇರುತ್ತದೆ. ಹಾಗಾಗಿ ಮನೆಯಲ್ಲಿ ಪರೀಕ್ಷೆ ಮಾಡಿದಾಗ ಎಲ್ಲ ಸರಿ ಕಾಣುತ್ತದೆ.

ಅನುಮಾನ ಇದ್ದರೆ ಸರ್ವರಿನಲ್ಲಿ ಸುಮ್ನೆ `timedatectl` ಅಂತ ಹೊಡೆದು ನೋಡಿ. ವಾಟ್ಸ್‌ಆಪ್ ವೆಬ್‌ಹುಕ್‌ನಲ್ಲಿ ಅಂದರೆ ಅವರು ನಮ್ಮ ಸರ್ವರಿಗೆ ತಾವಾಗಿಯೇ ಕಳಿಸುವ ಸುದ್ದಿಯಲ್ಲಿ ಬರುವ ಸಮಯ ಸೆಕೆಂಡುಗಳ ಉದ್ದನೆಯ ಸಂಖ್ಯೆಯಾಗಿರುತ್ತದೆ. ಅದನ್ನು ನಮ್ಮ ಸಮಯಕ್ಕೆ ತಿರುಗಿಸಲು ಹೀಗೆ ಮಾಡಿ:

```
TZ=Asia/Kolkata date -d @1754935209
```

ಇದಕ್ಕೆ ಆಗಸ್ಟ್ 11, 23:30:09 ಅಂತ ಉತ್ತರ ಬರುತ್ತದೆ. ಸ್ಕ್ರೀನ್‌ಶಾಟಿನಲ್ಲಿದ್ದ 11:30ಕ್ಕೆ ಇದು ಸರಿಯಾಗಿ ಹೊಂದಿತು. ದೂರು ಮತ್ತು ಲಾಗ್ ಒಂದೇ ಮೆಸೇಜಿನ ಬಗ್ಗೆ ಹೇಳುತ್ತಿವೆ ಅನ್ನುವುದು ಇಲ್ಲಿ ಖಚಿತವಾಯಿತು.

ಕ್ರಾನ್ ಸಾಲನ್ನು `30 5 * * *` ಅಂತ ಬದಲಿಸಿದರೆ ಬೆಳಿಗ್ಗೆ 11 ಗಂಟೆಗೆ ಓಡುತ್ತದೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ತೊಂದರೆ ಮತ್ತೆ ಬರುತ್ತದೆ. ಮೊದಲ ಯತ್ನ ವಿಫಲವಾದಾಗ ಪ್ರೋಗ್ರಾಂ ಹತ್ತು ನಿಮಿಷ, ಒಂದು ಗಂಟೆ, ಆರು ಗಂಟೆ ಬಿಟ್ಟು ಮತ್ತೆ ಕಳಿಸಲು ನೋಡುತ್ತದೆ. ಹಾಗೆ ಜಾರುತ್ತಾ ಜಾರುತ್ತಾ ಅದು ರಾತ್ರಿಗೆ ಹೋಗಿ ಬೀಳಬಹುದು. ಆದ್ದರಿಂದ ಹೊತ್ತಿನ ಬೇಲಿ ಕ್ರಾನಿನಲ್ಲಿದ್ದರೆ ಸಾಲದು. ಕಳಿಸುವ ಫಂಕ್ಷನ್ನಿನ ಬಾಗಿಲಲ್ಲೂ ಇರಬೇಕು:

```python
now = datetime.now(ZoneInfo("Asia/Kolkata"))
if not 10 <= now.hour < 19:
    return "later"
```

ಏಳು ಗಂಟೆ ಯಾಕೆ? ಸಾಲ ವಸೂಲಿ ಮಾಡುವವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲಿ ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಹೇಳಿದೆ. ಕಾಫಿಪುಡಿ ಅಂಗಡಿಗೆ ಆ ನಿಯಮ ಅನ್ವಯಿಸುವುದಿಲ್ಲ. ಆದರೂ ದುಡ್ಡು ಕೇಳಲು ಯಾವ ಹೊತ್ತು ಮರ್ಯಾದೆಯದು ಅನ್ನುವುದಕ್ಕೆ ಅದು ಒಳ್ಳೆ ಅಳತೆ ಅಂತ ನನಗನಿಸಿತು. ಬೆಳಿಗ್ಗೆ ಮಾತ್ರ ಎಂಟರ ಬದಲು ಹತ್ತು ಮಾಡಿಕೊಂಡೆವು.

ಆ ಬೇಲಿಯ ಒಳಗೂ ಒಳ್ಳೆ ಹೊತ್ತು, ಕೆಟ್ಟ ಹೊತ್ತು ಇರುತ್ತದೆ. ಹೋಟೆಲಿನವರಿಗೆ ಬೆಳಿಗ್ಗೆ ಹನ್ನೊಂದಕ್ಕೆ ಬಾಕಿ ಮೆಸೇಜ್ ಹೋದರೆ ಅವರು ಊಟದ ತಯಾರಿಯಲ್ಲಿ ಮುಳುಗಿರುತ್ತಾರೆ. ನೋಡುತ್ತಾರೆ, ಆಮೇಲೆ ಕಟ್ಟೋಣ ಅಂದುಕೊಳ್ಳುತ್ತಾರೆ, ಮರೆಯುತ್ತಾರೆ. ಅವರಿಗೆ ಗಲ್ಲಾಪೆಟ್ಟಿಗೆ ಎಣಿಸಲು ಬಿಡುವಾಗುವುದು ಮಧ್ಯಾಹ್ನ ಮೂರೂವರೆ ಹೊತ್ತಿಗೆ. ಇದನ್ನು ಹೇಳಿದ್ದು ಯಜಮಾನರೇ. ಹಾಗಾಗಿ ಹೋಟೆಲುಗಳಿಗೆ 3:30, ಮನೆಗಳಿಗೆ 11 ಅಂತ ಎರಡು ಹೊತ್ತು ಇಟ್ಟೆವು. ಶುಕ್ರವಾರ ಯಾರಿಗೂ ಕಳಿಸುವುದಿಲ್ಲ. ಶುಕ್ರವಾರ ದೀಪ ಹಚ್ಚಿದ ಮೇಲೆ ಮನೆಯಿಂದ ದುಡ್ಡು ಹೊರಗೆ ಕೊಡದವರು ನಮ್ಮ ಕಡೆ ಬಹಳ ಜನ ಇದ್ದಾರೆ. ಅಂಥ ದಿನ ಬಾಕಿ ಕೇಳಿದರೆ ದುಡ್ಡೂ ಬರುವುದಿಲ್ಲ, ಬೇಜಾರೂ ಆಗುತ್ತದೆ. ಹಬ್ಬಗಳ ದಿನಾಂಕವನ್ನು ಯಜಮಾನರು ಯುಗಾದಿಯ ಹೊತ್ತಿಗೆ ಪಂಚಾಂಗ ನೋಡಿ ಒಂದು ಶೀಟಿನಲ್ಲಿ ತುಂಬಿಸುತ್ತಾರೆ. ಪ್ರೋಗ್ರಾಂ ಆ ಶೀಟ್ ಓದುತ್ತದೆ.

ಇನ್ನೊಂದು ಕಡೆಯಿಂದಲೂ ಹೊತ್ತು ತಪ್ಪಬಹುದು, ಇದು ಬೇಗ ಕಣ್ಣಿಗೆ ಬೀಳುವುದಿಲ್ಲ. ನೀವು 3:30ಕ್ಕೇ ಕಳಿಸಿದ್ದೀರಿ, ಆದರೆ ಅವರ ಫೋನ್ ಆಫ್ ಆಗಿತ್ತು. ಫೋನ್ ಆನ್ ಆಗುವವರೆಗೆ ವಾಟ್ಸ್‌ಆಪ್ ಆ ಮೆಸೇಜನ್ನು ಕಾದಿಟ್ಟುಕೊಳ್ಳುತ್ತದೆ. ನೀವು ಏನೂ ಹೇಳದಿದ್ದರೆ 30 ದಿನದವರೆಗೆ! ಎರಡು ದಿನ ಬಿಟ್ಟು ರಾತ್ರಿ ಹತ್ತಕ್ಕೆ ಚಾರ್ಜ್ ಹಾಕಿದರೆ ಆಗ ಬಂದು ಬೀಳುತ್ತದೆ. ಇದನ್ನು ಗುರುತಿಸುವುದು ಸುಲಭ. ಲಾಗಿನಲ್ಲಿ `sent` ಮತ್ತು `delivered` ನಡುವಿನ ಅಂತರ ನೋಡಿ. ಗಂಟೆಗಟ್ಟಲೆ ಇದ್ದರೆ ತಪ್ಪು ಕ್ರಾನಿನದ್ದಲ್ಲ. ವಾಟ್ಸ್‌ಆಪ್ ಒಪ್ಪಿಗೆಗೆ ಕೊಡುವ ಸಿದ್ಧ ಬರಹ ಅಂದರೆ ಟೆಂಪ್ಲೇಟ್ ಮಾಡುವಾಗ `message_send_ttl_seconds` ಅನ್ನುವುದನ್ನು ತುಂಬಿದರೆ ಆ ಅವಧಿಯೊಳಗೆ ತಲುಪದ ಮೆಸೇಜ್ ಬಿದ್ದುಹೋಗುತ್ತದೆ. ನಾವು 12600 ಕೊಟ್ಟಿದ್ದೇವೆ, ಅಂದರೆ ಮೂರೂವರೆ ಗಂಟೆ. 3:30ಕ್ಕೆ ಹೊರಟಿದ್ದು ಏಳಕ್ಕೆ ಸರಿಯಾಗಿ ಮುಗಿಯುತ್ತದೆ.

ಬಾಕಿ ತಪ್ಪಿದ್ದು ಹೇಗೆ

ನಮ್ಮ ಹಳೆಯ ಪ್ರೋಗ್ರಾಂ ಆರ್ಡರ್ ಬಂದ ತಕ್ಷಣ ಮುಂದಿನ ಎಲ್ಲ ಮೆಸೇಜುಗಳನ್ನೂ ಸಾಲಿಗೆ ಹಾಕಿಬಿಡುತ್ತಿತ್ತು. ಆರ್ಡರ್ ಬಂತು ಅನ್ನುವ ಖಚಿತತೆ ಈಗಲೇ, ಬಾಕಿಯ ಮೊದಲ ನೆನಪು ಗಡುವಿನ ದಿನ, ಎರಡನೆಯದು ನಾಲ್ಕು ದಿನ ಬಿಟ್ಟು. ದುಡ್ಡು ಬಂದರೆ ಸಾಲಿನಲ್ಲಿರುವುದನ್ನು ಅಳಿಸಬೇಕು ಅನ್ನುವುದೂ ಬರೆದಿತ್ತು. ಆದರೆ ಆ ಅಳಿಸುವ ಕೆಲಸ ಆಗುತ್ತಿದ್ದದ್ದು ಪೇಮೆಂಟ್ ಗೇಟ್‌ವೇಯಿಂದ ಸುದ್ದಿ ಬಂದಾಗ ಮಾತ್ರ. ಹೋಟೆಲಿನವರು ಲಿಂಕ್ ಒತ್ತಿ ಕಟ್ಟಿರಲಿಲ್ಲ. ಕೌಂಟರಿನ ಕ್ಯೂಆರ್‌ಗೆ ಹಾಕಿದ್ದರು. ಹುಡುಗ ಕೈಯಿಂದ ಏರಿಸಿದ ದಾರಿಯಲ್ಲಿ ಅಳಿಸುವ ಸಾಲೇ ಇರಲಿಲ್ಲ.

ಆ ದಾರಿಗೂ ಒಂದು ಅಳಿಸುವ ಸಾಲು ಸೇರಿಸಬಹುದಿತ್ತು. ಆದರೆ ದುಡ್ಡು ಬರುವ ದಾರಿಗಳು ಹೆಚ್ಚುತ್ತಲೇ ಇರುತ್ತವೆ. ನಾಳೆ ಚೆಕ್ ಬರುತ್ತದೆ, ನಾಡಿದ್ದು ಹಳೆ ಜಮೆಯಲ್ಲಿ ವಜಾ ಮಾಡಿಕೊಳ್ಳುತ್ತಾರೆ, ಅರ್ಧ ಪುಡಿ ವಾಪಸ್ ಬರುತ್ತದೆ. ಪ್ರತಿ ದಾರಿಯಲ್ಲೂ ಅಳಿಸಲು ನೆನಪಿಟ್ಟುಕೊಳ್ಳುವುದು ಆಗದ ಮಾತು. ಅದಕ್ಕೇ ಮೆಸೇಜುಗಳನ್ನು ಸಾಲಿಗೆ ಹಾಕುವುದನ್ನೇ ನಿಲ್ಲಿಸಿದೆವು. ಈಗ ಯಾರಿಗೂ ಮುಂಚಿತವಾಗಿ ಮೆಸೇಜ್ ಬರೆದಿಡುವುದಿಲ್ಲ. ಪ್ರತಿ ದಿನ ಕಳಿಸುವ ಹೊತ್ತಿಗೆ ಪುಸ್ತಕ ತೆರೆದು, ಈ ಕ್ಷಣದಲ್ಲಿ ಯಾರ ಬಾಕಿ ಇದೆ ಅಂತ ಹೊಸದಾಗಿ ಕೇಳುತ್ತೇವೆ:

```sql
SELECT o.id, o.amount - o.paid AS due
FROM orders o JOIN customers c ON c.id = o.customer_id
WHERE o.due_date = :today - 4
  AND o.amount > o.paid
  AND NOT c.reminder_off
  AND NOT EXISTS (SELECT 1 FROM sent s
    WHERE s.order_id = o.id AND s.step = 'due_2');
```

`:today` ಅನ್ನುವುದನ್ನು ಭಾರತದ ಸಮಯದಿಂದ ಲೆಕ್ಕ ಹಾಕಿ ಕೊಡಿ. `CURRENT_DATE` ಬಳಸಿದರೆ, ಡೇಟಾಬೇಸ್ ಯುಟಿಸಿಯಲ್ಲಿದ್ದಾಗ, ನಮ್ಮ ಬೆಳಗಿನ ಐದೂವರೆವರೆಗೆ ಅದು ಹಿಂದಿನ ದಿನವನ್ನೇ ಹೇಳುತ್ತಿರುತ್ತದೆ. ಶುಕ್ರವಾರ ಅಥವಾ ಹಬ್ಬದ ದಿನ ಬಿಟ್ಟುಹೋದದ್ದನ್ನು ಮಾರನೇ ದಿನ ಹಿಡಿಯಲು ಸಮ ಚಿಹ್ನೆಯ ಬದಲು `<=` ಹಾಕಬಹುದು. ಆದರೆ ಮೊದಲ ಸಲ ಚಾಲೂ ಮಾಡುವಾಗ ಹಾಗೆ ಹಾಕಿದರೆ ಮೂರು ವರ್ಷದ ಹಳೆ ಬಾಕಿಗಳಿಗೂ ಒಟ್ಟಿಗೆ ಮೆಸೇಜ್ ಹೊರಟುಬಿಡುತ್ತದೆ. ಹಿಂದೆ ಎಷ್ಟು ದಿನದವರೆಗೆ ನೋಡಬೇಕು ಅನ್ನುವುದಕ್ಕೂ ಒಂದು ಮಿತಿ ಹಾಕಿ. ನಮ್ಮದು ಏಳು ದಿನ.

ಇದರಿಂದಲೂ ಸರಿಹೋಗದ ಒಂದು ಕಡೆ ಇದೆ. ದುಡ್ಡು ಬಂದಿದೆ, ಆದರೆ ಯಾರೂ ಸಿಸ್ಟಮ್ಮಿಗೆ ಏರಿಸಿಲ್ಲ. ಯಜಮಾನರು ಸಂತೆಯಲ್ಲಿ ಸಿಕ್ಕವರಿಂದ ನಗದು ತೆಗೆದುಕೊಂಡು ಜೇಬಿಗೆ ಹಾಕಿಕೊಂಡದ್ದು ಯಾವ ಪ್ರೋಗ್ರಾಮಿಗೂ ಕಾಣುವುದಿಲ್ಲ. ಅದಕ್ಕೆ ಎರಡು ಕೆಲಸ ಮಾಡಿದೆವು. ಮಧ್ಯಾಹ್ನ ಎರಡೂವರೆಗೆ ಆ ದಿನ ಹೋಗಲಿರುವ ಹೋಟೆಲುಗಳ ಪಟ್ಟಿ ಯಜಮಾನರ ಫೋನಿಗೆ ಬರುತ್ತದೆ, ಮನೆಗಳದ್ದು ಬೆಳಿಗ್ಗೆ ಹತ್ತಕ್ಕೆ. ಸಾಮಾನ್ಯವಾಗಿ ಎಂಟು ಹತ್ತು ಹೆಸರು ಇರುತ್ತವೆ. ಯಾರದ್ದಾದರೂ ಬಂದಿದೆ ಅನಿಸಿದರೆ ಒಂದು ಗುರುತು ಹಾಕಿ ತಡೆಯುತ್ತಾರೆ. ಎರಡನೆಯದು, ನೆನಪಿನ ಮೆಸೇಜಿನ ಕೆಳಗೆ "ಕಟ್ಟಿದ್ದೇನೆ" ಅನ್ನುವ ಬಟನ್. ಅದನ್ನು ಒತ್ತಿದರೆ ಬಾಕಿ ತೀರಿತು ಅಂತ ಬರೆದುಕೊಳ್ಳುವುದಿಲ್ಲ. ಆ ಆರ್ಡರಿನ ಮುಂದಿನ ನೆನಪು ನಿಲ್ಲುತ್ತದೆ, ಹುಡುಗನಿಗೆ ಪರಿಶೀಲಿಸು ಅಂತ ಸೂಚನೆ ಹೋಗುತ್ತದೆ.

ಬೇಡ ಅಂದರೂ ಹೋದದ್ದು ಹೇಗೆ

ನನಗೆ ಅತಿ ಹೆಚ್ಚು ಬೇಸರ ಆದದ್ದು ಇದರಲ್ಲಿ. ಆಗಸ್ಟ್ 7ರ ಮೊದಲ ನೆನಪಿನ ಮೆಸೇಜಿನಲ್ಲೇ ಹೋಟೆಲಿನವರು "ಮೆಸೇಜ್ ಬೇಡ" ಬಟನ್ ಒತ್ತಿದ್ದರು. ಬೇಡ ಅಂದವರ ಟೇಬಲ್ ತೆಗೆದು ನೋಡಿದರೆ ಅವರ ಸಾಲು ಅಲ್ಲೇ ಇತ್ತು! ದಾಖಲಾಗಿದೆ, ಆದರೂ ಮೆಸೇಜ್ ಹೋಗಿದೆ.

ಎರಡು ಟೇಬಲ್ಲುಗಳನ್ನು ಅಕ್ಕಪಕ್ಕ ಇಟ್ಟಾಗ ಗೊತ್ತಾಯಿತು. ವಾಟ್ಸ್‌ಆಪ್ ವೆಬ್‌ಹುಕ್ ನಂಬರನ್ನು 91 ಸೇರಿಸಿ, ಕೂಡಿಕೆ ಚಿಹ್ನೆ ಇಲ್ಲದೆ, ಹನ್ನೆರಡು ಅಂಕಿಯಲ್ಲಿ ಕೊಡುತ್ತದೆ. ಗ್ರಾಹಕರ ಟೇಬಲ್ಲಿನಲ್ಲಿ ಹುಡುಗ ಅದನ್ನು ಮುಂದೆ ಸೊನ್ನೆ ಹಾಕಿ, ನಡುವೆ ಜಾಗ ಬಿಟ್ಟು ಬರೆದಿದ್ದ. ಪ್ರೋಗ್ರಾಂ ಎರಡನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ, ಇವರು ಬೇರೆಯವರು ಅಂದುಕೊಂಡಿತ್ತು. ಇದು ನಿಮ್ಮಲ್ಲೂ ಇದೆಯಾ ಅಂತ ತಿಳಿಯಲು ಬೇಡ ಅಂದವರ ಟೇಬಲ್ಲಿನಲ್ಲಿ ಗ್ರಾಹಕರಿಗೆ ಹೊಂದದ ಸಾಲುಗಳು ಎಷ್ಟಿವೆ ಅಂತ ಎಣಿಸಿ. ಸೊನ್ನೆ ಬರಬೇಕು. ನಮ್ಮಲ್ಲಿ ಎಲ್ಲ ಸಾಲುಗಳೂ ಹೊಂದದೇ ಇದ್ದವು. ಅಂದರೆ ಆ ಬಟನ್ ಹುಟ್ಟಿದಾಗಿನಿಂದ ಒಬ್ಬರಿಗೂ ಕೆಲಸ ಮಾಡಿರಲಿಲ್ಲ.

ಪರಿಹಾರ ಚಿಕ್ಕದು. ನಂಬರ್ ಎಲ್ಲಿಂದಲೇ ಬರಲಿ, ಅಂಕಿ ಅಲ್ಲದ್ದನ್ನೆಲ್ಲ ತೆಗೆದು, ಕೊನೆಯ ಹತ್ತು ಅಂಕಿಗೆ ಮುಂದೆ 91 ಹಚ್ಚಿ, ಒಂದೇ ರೂಪದಲ್ಲಿ ಉಳಿಸಿ. ಹೊರದೇಶದ ಗ್ರಾಹಕರಿದ್ದರೆ ಈ ಉಪಾಯ ಸರಿಹೋಗುವುದಿಲ್ಲ. ಆಗ ದೇಶದ ಸಂಖ್ಯೆಯನ್ನು ಆರ್ಡರ್ ತೆಗೆದುಕೊಳ್ಳುವಾಗಲೇ ಕೇಳಿಕೊಳ್ಳಬೇಕು.

ಬಟನ್ ಒತ್ತುವವರಿಗಿಂತ ಟೈಪ್ ಮಾಡುವವರು ಜಾಸ್ತಿ. ನಮ್ಮ ಪ್ರೋಗ್ರಾಂ `STOP` ಅನ್ನುವ ಒಂದೇ ಪದಕ್ಕೆ ಕಾಯುತ್ತಿತ್ತು. ಜನ ಬರೆದಿದ್ದು "ಬೇಡ", "beda", "ಮೆಸೇಜ್ ಹಾಕ್ಬೇಡಿ", "ಸಾಕು ನಿಲ್ಸಿ". ಇವನ್ನೆಲ್ಲ ಪಟ್ಟಿಗೆ ಸೇರಿಸುವುದು ಸರಿ, ಆದರೆ ಒಂದು ಎಚ್ಚರ ಬೇಕು. "ಈ ವಾರ ಪುಡಿ ಬೇಡ" ಅಂತ ಬರೆದವರು ನಿಲ್ಲಿಸಿ ಅಂತ ಹೇಳಿದ್ದು ಆರ್ಡರನ್ನು, ಮೆಸೇಜನ್ನಲ್ಲ. ಹಾಗಾಗಿ ಇಡೀ ಉತ್ತರ ಪಟ್ಟಿಯ ಒಂದು ಪದಕ್ಕೆ ಸರಿಯಾಗಿ ಹೊಂದಿದರೆ ಮಾತ್ರ ಪ್ರೋಗ್ರಾಂ ತಾನೇ ನಿಲ್ಲಿಸುತ್ತದೆ. ಉದ್ದದ ಉತ್ತರ ಏನೇ ಬಂದರೂ ಆ ಗ್ರಾಹಕರಿಗೆ ಯಂತ್ರದ ಮೆಸೇಜ್ ಬಂದ್. ಮನುಷ್ಯರೊಬ್ಬರು ಓದಿ ಉತ್ತರಿಸುವವರೆಗೆ ಹಾಗೇ ಇರುತ್ತದೆ. ಯಾರಾದರೂ "ಶನಿವಾರ ಕೊಡ್ತೀನಿ" ಅಂತ ಬರೆದ ಮೇಲೆ ಅದನ್ನು ಓದದೆ ಇನ್ನೊಂದು ನೆನಪು ಕಳಿಸುವುದು ತೀರಾ ಅವಮಾನ ಅಲ್ವಾ?

ಬೇಡ ಅಂದರೆ ಯಾವುದು ಬೇಡ? ನೆನಪಿನ ಮೆಸೇಜಿನ ಬಟನ್ ಒತ್ತಿದವರಿಗೆ ನೆನಪು ಮಾತ್ರ ನಿಲ್ಲಿಸುತ್ತೇವೆ. ಯಾವ ಮೆಸೇಜಿಗೆ ಉತ್ತರ ಬಂತು ಅನ್ನುವುದು ವೆಬ್‌ಹುಕ್‌ನ `context.id` ನಲ್ಲಿ ಇರುತ್ತದೆ. ಬರೀ `STOP` ಅಂತ ಬರೆದವರಿಗೆ ಎಲ್ಲವೂ ನಿಲ್ಲುತ್ತದೆ. ನಿಲ್ಲಿಸಿದ್ದೇವೆ ಅಂತ ಒಂದೇ ಒಂದು ಉತ್ತರ ಹೋಗುತ್ತದೆ, ಆರ್ಡರ್ ಖಚಿತತೆ ಮಾತ್ರ ಬೇಕಿದ್ದರೆ 1 ಅಂತ ಬರೆಯಿರಿ ಅಂತ ಅದರಲ್ಲೇ ಇರುತ್ತದೆ. ಗ್ರಾಹಕರು ಬರೆದ ಮೇಲೆ 24 ಗಂಟೆ ಅವರಿಗೆ ಮುಕ್ತವಾಗಿ ಉತ್ತರಿಸಬಹುದು, ಅವರು ಆಗಷ್ಟೇ ಬರೆದಿರುವುದರಿಂದ ಆ ಕಿಟಕಿ ತೆರೆದಿರುತ್ತದೆ. ಈ ಉತ್ತರಕ್ಕೆ ಟೆಂಪ್ಲೇಟ್ ಬೇಕಿಲ್ಲ.

ಹನ್ನೆರಡು ಗಂಟೆಯ ಎಸ್ಸೆಮ್ಮೆಸ್

ಲಾಗಿನ ಕೊನೆಯ ಸಾಲು ನೆನಪಿದೆಯಾ? 18:30:12, ಅಂದರೆ ರಾತ್ರಿ ಸರಿಯಾಗಿ ಹನ್ನೆರಡು. ವಾಟ್ಸ್‌ಆಪ್ ಮೆಸೇಜ್ ಅರ್ಧ ಗಂಟೆಯಲ್ಲಿ ತಲುಪದಿದ್ದರೆ ಎಸ್ಸೆಮ್ಮೆಸ್ ಕಳಿಸು ಅಂತ ಬರೆದಿತ್ತು. ಹೋಟೆಲಿನವರು ಮಲಗುವ ಮುಂಚೆ ಡೇಟಾ ಆಫ್ ಮಾಡಿದ್ದರು. ರಾತ್ರಿ ಎಸ್ಸೆಮ್ಮೆಸ್ ಬಂತು. ಬೆಳಿಗ್ಗೆ ಡೇಟಾ ಹಾಕಿದಾಗ 11:30ರ ವಾಟ್ಸ್‌ಆಪ್ ಮೆಸೇಜೂ ಬಂತು.

ತಲುಪಲಿಲ್ಲ ಅನ್ನುವುದಕ್ಕೆ ಕಾರಣ ಹಲವು. ಫೋನ್ ಆಫ್ ಇರಬಹುದು, ನೆಟ್‌ವರ್ಕ್ ಇಲ್ಲದಿರಬಹುದು, ಅಥವಾ ಅವರು ನಿಮ್ಮನ್ನು ಬ್ಲಾಕ್ ಮಾಡಿರಬಹುದು. ಬ್ಲಾಕ್ ಮಾಡಿದರೆ ನಿಮಗೆ ಕಾಣುವುದು `sent` ಅಷ್ಟೇ, `delivered` ಬರುವುದೇ ಇಲ್ಲ. ಅಂಥವರಿಗೆ ಎಸ್ಸೆಮ್ಮೆಸ್ ಕಳಿಸುವುದು ಬಾಗಿಲು ಹಾಕಿದ ಮನೆಗೆ ಹಿತ್ತಲಿಂದ ನುಗ್ಗಿದ ಹಾಗೆ. ಈಗ ಬಾಕಿ ನೆನಪಿಗೆ ಎಸ್ಸೆಮ್ಮೆಸ್ ಇಲ್ಲವೇ ಇಲ್ಲ. ಆರ್ಡರ್ ಖಚಿತತೆಗೆ ಮಾತ್ರ ಇದೆ. ಅದೂ `failed` ಬಂದು ಅದರ ಕೋಡ್ 131026 ಇದ್ದರೆ. ಸಾಮಾನ್ಯವಾಗಿ ಆ ನಂಬರಿನಲ್ಲಿ ವಾಟ್ಸ್‌ಆಪ್ ಇಲ್ಲದಿದ್ದಾಗ ಅಥವಾ ಆಪ್ ತೀರಾ ಹಳೆಯದಾದಾಗ ಅದು ಬರುತ್ತದೆ.

ಆ ಎಸ್ಸೆಮ್ಮೆಸ್ ಓದಿದಾಗ ಇನ್ನೊಂದು ತಪ್ಪು ಕಂಡಿತು. ಕೊನೆಯಲ್ಲಿ "ಬೇಡವಾದರೆ STOP ಎಂದು ಉತ್ತರಿಸಿ" ಅಂತ ಇತ್ತು. ವಾಟ್ಸ್‌ಆಪ್ ಬರಹವನ್ನೇ ಎತ್ತಿ ಹಾಕಿದ್ದರು. ಆದರೆ ಅಂಗಡಿಯ ಆರಕ್ಷರದ ಹೆಸರಿನಿಂದ ಬರುವ ಎಸ್ಸೆಮ್ಮೆಸ್‌ಗೆ ಉತ್ತರ ಬರೆಯಲು ಆಗುವುದೇ ಇಲ್ಲ. ಅಲ್ಲಿ ಫೋನ್ ನಂಬರ್ ಕೊಡಬೇಕು. ಲಿಂಕ್ ಕೊಡುವುದಾದರೆ ಅದನ್ನು ಟೆಲಿಕಾಂ ಕಂಪನಿಗಳು ಎಸ್ಸೆಮ್ಮೆಸ್ ನೋಂದಣಿಗೆ ನಡೆಸುವ ಡಿಎಲ್‌ಟಿ ಪೋರ್ಟಲ್ಲಿನಲ್ಲಿ ಮೊದಲೇ ನೋಂದಾಯಿಸಿರಬೇಕು. 2024ರ ಅಕ್ಟೋಬರ್ 1ರಿಂದ ನೋಂದಾಯಿಸದ ಲಿಂಕ್ ಇರುವ ಎಸ್ಸೆಮ್ಮೆಸ್‌ಗಳನ್ನು ಟೆಲಿಕಾಂ ಕಂಪನಿಗಳು ತಡೆಯುತ್ತವೆ.

ಬರಹ ಬದಲಿಸಿ, ಡಿಎಲ್‌ಟಿಯಲ್ಲಿ ಹೊಸ ಟೆಂಪ್ಲೇಟ್ ಒಪ್ಪಿಗೆ ಆಯಿತು. ಚಾಲೂ ಮಾಡಿದರೆ ಒಂದು ಎಸ್ಸೆಮ್ಮೆಸ್ಸೂ ಹೋಗಲಿಲ್ಲ. ಟೆಂಪ್ಲೇಟ್ ಹೊಂದುತ್ತಿಲ್ಲ ಅಂತ ವರದಿ. ಕಣ್ಣಿಗೆ ಎರಡೂ ಒಂದೇ. ಕೊನೆಗೆ ಸಿಕ್ಕಿದ್ದು "ಆರ್ಡರ್‌ಗೆ" ಅನ್ನುವ ಪದದಲ್ಲಿ. ರ್ ಮತ್ತು ಗೆ ಒಟ್ಟಾಗಿ ಒತ್ತಕ್ಷರ ಆಗದಂತೆ ನಡುವೆ ಕಾಣದ ಒಂದು ಅಕ್ಷರ ಇರುತ್ತದೆ. ಪೋರ್ಟಲ್ಲಿನಲ್ಲಿ ಅದು ಇತ್ತು, ನಮ್ಮ ಕೋಡಿನಲ್ಲಿ ಎಲ್ಲೋ ಕಾಪಿ ಮಾಡುವಾಗ ಬಿದ್ದುಹೋಗಿತ್ತು. ಎಣಿಸಲು ಹೀಗೆ ಮಾಡಿ:

```python
print(len(text), text.count("\u200c"), text.count("\u200d"))
```

ಎರಡೂ ಬರಹಗಳಿಗೆ ಈ ಮೂರು ಸಂಖ್ಯೆ ಒಂದೇ ಬರಬೇಕು. ನಾವು ಆಮೇಲೆ "ಆರ್ಡರ್‌ಗೆ" ತೆಗೆದು "ಆರ್ಡರಿಗೆ" ಅಂತ ಬರೆದೆವು. ಅದರಲ್ಲಿ ಕಾಣದ ಅಕ್ಷರದ ತಂಟೆಯೇ ಇಲ್ಲ. ಒಂದೂ ಹೋಗದಿದ್ದರೆ ಹೀಗೆ ಬರಹದಲ್ಲೇ ಹುಡುಕಿ. ಕೆಲವರಿಗೆ ಹೋಗಿ ಕೆಲವರಿಗೆ ಹೋಗದಿದ್ದರೆ ತುಂಬುವ ಜಾಗ ನೋಡಿ. ಅಂಥ ಒಂದು ಜಾಗದೊಳಗೆ ಎಷ್ಟು ಅಕ್ಷರ ಹಿಡಿಸಬಹುದು ಅನ್ನುವುದಕ್ಕೆ ಮಿತಿ ಇದೆ. ಕನ್ನಡದಲ್ಲಿ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. "ಲಕ್ಷ್ಮಿ" ಅನ್ನುವುದು ನಮಗೆ ಎರಡಕ್ಷರ, ಯಂತ್ರಕ್ಕೆ ಏಳು. ಉದ್ದ ಹೆಸರಿನ ಹೋಟೆಲುಗಳಿಗೆ ಮಾತ್ರ ಎಸ್ಸೆಮ್ಮೆಸ್ ಹೋಗದಿದ್ದರೆ ಕಾರಣ ಇದೇ. ಕನ್ನಡದ ಒಂದು ಎಸ್ಸೆಮ್ಮೆಸ್‌ನಲ್ಲಿ ಹಿಡಿಸುವುದು ಒಟ್ಟು 70 ಮಾತ್ರ. ದಾಟಿದರೆ 67ರ ತುಂಡುಗಳಾಗಿ ಒಡೆದು ಪ್ರತಿ ತುಂಡಿಗೂ ದುಡ್ಡು ಬೀಳುತ್ತದೆ.

ಖಚಿತತೆಯ ಹೊತ್ತು ಬೇರೆ

ಆರ್ಡರ್ ಖಚಿತತೆಗೆ ಹತ್ತರಿಂದ ಏಳರ ಬೇಲಿ ಹಾಕಬೇಡಿ. ರಾತ್ರಿ ಹನ್ನೊಂದಕ್ಕೆ ತಾವೇ ಆರ್ಡರ್ ಹಾಕಿದವರು ಎಚ್ಚರ ಇರುತ್ತಾರೆ, ಉತ್ತರಕ್ಕೆ ಕಾಯುತ್ತಾ ಇರುತ್ತಾರೆ. ಬರದಿದ್ದರೆ ಮತ್ತೊಮ್ಮೆ ಒತ್ತುತ್ತಾರೆ, ಆಮೇಲೆ ಎರಡು ಆರ್ಡರ್. ಆದರೆ ಫೋನಿನಲ್ಲಿ ಬಂದ ಆರ್ಡರುಗಳನ್ನು ಹುಡುಗ ರಾತ್ರಿ ಹತ್ತಕ್ಕೆ ಚೀಟಿ ನೋಡಿ ಏರಿಸುತ್ತಾನಲ್ಲ, ಅವು ಬೇರೆ. ಅಲ್ಲಿ ಒತ್ತಿದ್ದು ಹುಡುಗ, ಗ್ರಾಹಕರು ಮಲಗಿದ್ದಾರೆ. ಹಾಗಾಗಿ ಗ್ರಾಹಕರೇ ಹಾಕಿದ ಆರ್ಡರಿಗೆ ಹತ್ತು ನಿಮಿಷದೊಳಗೆ ಆದರೆ ಯಾವ ಹೊತ್ತಿಗೂ ಖಚಿತತೆ ಹೋಗುತ್ತದೆ. ಹುಡುಗ ಏರಿಸಿದ್ದು ಮತ್ತು ಹತ್ತು ನಿಮಿಷ ದಾಟಿದ್ದು ಬೇಲಿಯ ಹೊತ್ತಿಗೆ ಕಾಯುತ್ತವೆ.

ಒಂದೇ ಆರ್ಡರಿಗೆ ಎರಡು ಖಚಿತತೆ ಬಂದರೆ ಗೇಟ್‌ವೇಯ ವೆಬ್‌ಹುಕ್ ಲಾಗ್ ನೋಡಿ. ಒಂದೇ ಸುದ್ದಿಯನ್ನು ಅವರು ಎರಡು ಸಲ ಕಳಿಸುವುದು ಮಾಮೂಲಿ. ನಿಮ್ಮ ಸರ್ವರ್ ಉತ್ತರಿಸಲು ತಡ ಮಾಡಿದರಂತೂ ಖಂಡಿತ. `sent` ಟೇಬಲ್ಲಿನಲ್ಲಿ ಆರ್ಡರ್ ನಂಬರ್ ಮತ್ತು ಹಂತ ಎರಡನ್ನೂ ಸೇರಿಸಿ ಯೂನಿಕ್ ಮಾಡಿ. ಮೊದಲು ಅಲ್ಲಿ ಬರೆಯಿರಿ, ಬರೆಯಲು ಆದರೆ ಮಾತ್ರ ಕಳಿಸಿ.

ಖಚಿತತೆಯ ಕೆಳಗೆ "ಮುಂದಿನ ಆರ್ಡರಿಗೆ ರಿಯಾಯಿತಿ" ಅಂತ ಒಂದು ಸಾಲು ಹಾಕೋಣ ಅಂತ ಯಜಮಾನರು ಕೇಳಿದ್ದರು. ಬೇಡ ಅಂದೆ. ಆ ಒಂದು ಸಾಲಿನಿಂದ ವಾಟ್ಸ್‌ಆಪ್‌ನಲ್ಲಿ ಅದು ಜಾಹೀರಾತು ವರ್ಗಕ್ಕೆ ಹೋಗುತ್ತದೆ. ಆಮೇಲೆ 131049 ಅನ್ನುವ ಕೋಡಿನೊಂದಿಗೆ ಕೆಲವರಿಗೆ ಮೆಸೇಜ್ ತಲುಪುವುದೇ ಇಲ್ಲ. ಒಬ್ಬರಿಗೆ ಇಷ್ಟೇ ಜಾಹೀರಾತು ಅಂತ ವಾಟ್ಸ್‌ಆಪ್ ಮಿತಿ ಹಾಕಿದೆ, ನಿಮ್ಮ ಖಚಿತತೆಯೂ ಆ ಲೆಕ್ಕಕ್ಕೆ ಸೇರುತ್ತದೆ.

ಮತ್ತೆ ಚಾಲೂ ಮಾಡುವ ಮುಂಚೆ

ನಾವು ಮೂರು ದಿನ ಮೆಸೇಜ್ ಕಳಿಸದೆ ಪ್ರೋಗ್ರಾಂ ಓಡಿಸಿದೆವು. ಕಳಿಸುವ ಬದಲು, ಕಳಿಸುತ್ತಿದ್ದೆ ಅಂತ ಲಾಗಿನಲ್ಲಿ ಬರೆಯುತ್ತಿತ್ತು. ಯಜಮಾನರು ಆ ಪಟ್ಟಿಯನ್ನು ತಮ್ಮ ಬಾಕಿ ಪುಸ್ತಕದ ಜೊತೆ ತಾಳೆ ನೋಡಿದರು. ಮೊದಲ ದಿನವೇ ಇಬ್ಬರು ಸಿಕ್ಕಿದರು. ನಗದು ಕೊಟ್ಟಿದ್ದರು, ಏರಿಸಿರಲಿಲ್ಲ.

ಆಮೇಲೆ ನನ್ನ ನಂಬರಿನಲ್ಲಿ ಒಂದು ಸುಳ್ಳು ಆರ್ಡರ್ ಹಾಕಿ ನಾಲ್ಕು ಸಲ ನೋಡಿದೆ. ಪೂರ್ತಿ ಕಟ್ಟಿದ ಮೇಲೆ, ಅರ್ಧ ಕಟ್ಟಿದ ಮೇಲೆ, ಬಟನ್ ಒತ್ತಿದ ಮೇಲೆ, ಫೋನ್ ಆಫ್ ಮಾಡಿಟ್ಟು. ಅರ್ಧ ಕಟ್ಟಿದಾಗ ಉಳಿದ ಅರ್ಧಕ್ಕೆ ಮಾತ್ರ ನೆನಪು ಬಂತು. ಫೋನ್ ಆಫ್ ಮಾಡಿ ರಾತ್ರಿ ಎಂಟಕ್ಕೆ ಆನ್ ಮಾಡಿದಾಗ ಏನೂ ಬರಲಿಲ್ಲ. ನನಗೆ ಬೇಕಿದ್ದದ್ದೂ ಅದೇ.

ಹೋಟೆಲಿನವರಿಗೆ ಯಜಮಾನರು ತಾವೇ ಹೋಗಿ ಕ್ಷಮೆ ಕೇಳಿ ಬಂದರು. ಅವರ ಸಾಲಿನಲ್ಲಿ `reminder_off` ಈಗಲೂ `true` ಇದೆ. ಮೆಸೇಜ್ ಬೇಡ ಅಂದರೆ ಬಾಕಿ ಬೇಡ ಅಂತ ಅಲ್ಲವಲ್ಲ, ಹಾಗಾಗಿ ಅವರ ಹೆಸರು ಎರಡೂವರೆಯ ಪಟ್ಟಿಯ ಕೊನೆಯಲ್ಲಿ ಬೇರೆಯಾಗಿ ಬರುತ್ತದೆ. ಯಜಮಾನರು ನಾಲ್ಕು ಗಂಟೆ ಹೊತ್ತಿಗೆ ತಾವೇ ಫೋನ್ ಮಾಡುತ್ತಾರೆ.